ಡೋಸ್ ರೆಸ್ಪಾನ್ಸ್ ಕರ್ವ್: ಗೆರೆ ಬಲಕ್ಕೆ ಸರಿದಿದೆ, ಆದರೂ ‘ಕಾಂಪಿಟಿಟಿವ್’ ಎಂದರೆ ತಪ್ಪೇಕೆ?

ಕ್ಯಾತ್ಸಂದ್ರದ ಓದುಗಿ · ಭಾನುವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಫಿಸಿಯಾಲಜಿ ಎಂ.ಎಸ್‌ಸಿ. ಓದುತ್ತಿದ್ದೇನೆ. ಮೊನ್ನೆಯ ಆಂತರಿಕ ಪರೀಕ್ಷೆಯಲ್ಲಿ ಒಂದು ಗ್ರಾಫ್ ಪ್ರಶ್ನೆಗೆ 8ಕ್ಕೆ 2 ಅಂಕ ಬಂದಿದೆ. ಎರಡು ದಿನದಿಂದ ಅದನ್ನೇ ನೋಡುತ್ತಿದ್ದೇನೆ, ತಪ್ಪು ಎಲ್ಲಿ ಎಂದು ತಿಳಿಯುತ್ತಿಲ್ಲ. ಪ್ರಶ್ನೆಪತ್ರಿಕೆಯ ನೆರಳಚ್ಚು ಮಸುಕಾಗಿದೆ, ಫೋಟೊದಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಮಾತಿನಲ್ಲೇ ಹೇಳುತ್ತೇನೆ.

ಗಿನಿಪಿಗ್‌ನ ಸಣ್ಣ ಕರುಳಿನ ತುಂಡಿನ ಮೇಲೆ ಹಿಸ್ಟಮಿನ್ ಪ್ರಯೋಗ. ಅಡ್ಡ ಅಕ್ಷದಲ್ಲಿ ಹಿಸ್ಟಮಿನ್ ಸಾಂದ್ರತೆ, 10⁻⁸ರಿಂದ 10⁻⁴ ಮೋಲಾರ್‌ವರೆಗೆ, ಲಾಗ್ ಅಳತೆ. ಲಂಬ ಅಕ್ಷದಲ್ಲಿ ಸಂಕೋಚನದ ಎತ್ತರ, ಮಿಲಿಮೀಟರ್‌ನಲ್ಲಿ. ಮೂರು ಗೆರೆಗಳಿವೆ. ಎ ಗೆರೆ ಹಿಸ್ಟಮಿನ್ ಮಾತ್ರ, ಅದರ ತುದಿ 60 ಮಿ.ಮೀ. ಬಿ ಗೆರೆ ಬಲಕ್ಕೆ ಸರಿದಿದೆ, ತುದಿ 55. ಸಿ ಗೆರೆ ಇನ್ನೂ ಬಲಕ್ಕೆ ಹೋಗಿ 30ಕ್ಕೇ ಸಮತಟ್ಟಾಗಿದೆ. ಪಕ್ಕದಲ್ಲಿ ‘ಬಿ: ಎಕ್ಸ್, 20 ನಿಮಿಷ. ಸಿ: ಎಕ್ಸ್, 40 ನಿಮಿಷ’ ಎಂದು ಸೂಚಿ ಇದೆ. ‘ಎಕ್ಸ್ ಯಾವ ಬಗೆಯ ಆಂಟಗೊನಿಸ್ಟ್? ಕಾರಣ ಕೊಡಿ’ ಎಂಬುದು ಪ್ರಶ್ನೆ, ಅಂದರೆ ಎಕ್ಸ್ ಹಿಸ್ಟಮಿನ್‌ನ ಕೆಲಸವನ್ನು ಯಾವ ರೀತಿಯಲ್ಲಿ ತಡೆಯುತ್ತದೆ ಎಂದು.

ನಾನು ಬರೆದದ್ದು ಇಷ್ಟು: ಎಕ್ಸ್‌ನ ಎರಡು ಡೋಸ್ ಕೊಟ್ಟಿದ್ದಾರೆ. ಮೊದಲ ಡೋಸಿಗೆ ಗೆರೆ ಸಮಾನಾಂತರವಾಗಿ ಬಲಕ್ಕೆ ಸರಿದಿದೆ, ತುದಿ ಹೆಚ್ಚುಕಡಿಮೆ ಅಷ್ಟೇ ಇದೆ, ಆದ್ದರಿಂದ ಕಾಂಪಿಟಿಟಿವ್. ಎರಡನೆಯ ಡೋಸ್ ಹೆಚ್ಚಾಗಿ ಟಿಶ್ಯೂವಿಗೆ ಪೆಟ್ಟಾಗಿದೆ, ಆದ್ದರಿಂದ ತುದಿ ಇಳಿದಿದೆ. ಅಧ್ಯಾಪಕರು ಕೆಂಪು ಶಾಯಿಯಲ್ಲಿ ‘ಇಲ್ಲ’ ಎಂದಷ್ಟೇ ಬರೆದಿದ್ದಾರೆ. ಬಲಕ್ಕೆ ಸರಿದರೆ ಕಾಂಪಿಟಿಟಿವ್ ಎಂದೇ ತರಗತಿಯಲ್ಲಿ ಹೇಳಿಕೊಟ್ಟದ್ದು. ಹಾಗಿದ್ದರೆ ಬಿ ಗೆರೆ ಏನು?

ಬಂಗಾರಪೇಟೆ ಫಾರ್ಮಸಿ · ಭಾನುವಾರ, ರಾತ್ರಿ 9.35

ನಾನು ಬಿ.ಫಾರ್ಮ್ ಕೊನೆಯ ವರ್ಷ. ಇದರಲ್ಲಿ ಗೊಂದಲವೇ ಬೇಡ. ಗೆರೆ ಬಲಕ್ಕೆ ಹೋದರೆ ಕಾಂಪಿಟಿಟಿವ್, ಕೆಳಕ್ಕೆ ಬಂದರೆ ನಾನ್ ಕಾಂಪಿಟಿಟಿವ್. ನಿಮ್ಮ ಗ್ರಾಫಿನಲ್ಲಿ ಬಿ ಬಲಕ್ಕೆ ಹೋಗಿದೆ, ಸಿ ಬಲಕ್ಕೂ ಹೋಗಿ ಕೆಳಕ್ಕೂ ಬಂದಿದೆ. ಅಂದರೆ ಎಕ್ಸ್ ಕಡಿಮೆ ಡೋಸಿನಲ್ಲಿ ಕಾಂಪಿಟಿಟಿವ್, ಹೆಚ್ಚು ಡೋಸಿನಲ್ಲಿ ನಾನ್ ಕಾಂಪಿಟಿಟಿವ್. ನಿಮಗೆ ಕನಿಷ್ಠ 5 ಅಂಕವಾದರೂ ಬರಬೇಕಿತ್ತು. ಮರುಮೌಲ್ಯಮಾಪನಕ್ಕೆ ಕೇಳಿ.

ಚಿಂತಾಮಣಿಯ ಮಗ · ಭಾನುವಾರ, ರಾತ್ರಿ 10.05

ಗ್ರಾಫ್ ಓದುವುದರ ಬಗ್ಗೆ ಮಾತು ನಡೆಯುತ್ತಿರುವುದರಿಂದ ಕೇಳುತ್ತಿದ್ದೇನೆ. ನನ್ನ ತಂದೆಗೆ ಹೋದ ವಾರ ನಮ್ಮೂರಿನಲ್ಲಿ ಒಮ್ಮೆ, ಆಮೇಲೆ ಬೇರೊಂದು ಕಡೆ ಒಮ್ಮೆ ಇಸಿಜಿ ತೆಗೆಸಿದೆವು. ಎರಡನೆಯ ಕಾಗದದಲ್ಲಿ ಅಲೆಗಳೆಲ್ಲ ಅಗಲವಾಗಿ, ಒಂದಕ್ಕೊಂದು ದೂರ ದೂರ ಇವೆ. ಮೊದಲನೆಯದರಲ್ಲಿ ಹತ್ತಿರ ಹತ್ತಿರ ಇವೆ. ಗೆರೆ ಬಲಕ್ಕೆ ಸರಿಯುವುದು ಎಂದರೆ ಇದೇನಾ? ಎದೆಬಡಿತ ಅರ್ಧಕ್ಕೆ ಇಳಿದಿದೆಯೇ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ.

ಮಧುಗಿರಿ ಇಸಿಜಿ · ಭಾನುವಾರ, ರಾತ್ರಿ 10.30

ಚಿಂತಾಮಣಿಯವರೇ, ಇದು ಬೇರೆ ಬಗೆಯ ಗ್ರಾಫ್. ನಾನು ಹನ್ನೆರಡು ವರ್ಷದಿಂದ ಇಸಿಜಿ ತೆಗೆಯುತ್ತಿದ್ದೇನೆ. ಎರಡೂ ಕಾಗದಗಳ ಕೆಳ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ವೇಗ ಅಚ್ಚಾಗಿರುತ್ತದೆ, ನೋಡಿ. ಸಾಮಾನ್ಯವಾಗಿ ಸೆಕೆಂಡಿಗೆ 25 ಮಿ.ಮೀ. ಇರುತ್ತದೆ. ಕೆಲವರು ಯಂತ್ರವನ್ನು 50ಕ್ಕೆ ಇಟ್ಟಿರುತ್ತಾರೆ. 25ರಲ್ಲಿ ಒಂದು ದೊಡ್ಡ ಚೌಕ ಎಂದರೆ 0.2 ಸೆಕೆಂಡ್, 50ರಲ್ಲಿ ಅದೇ ಚೌಕ 0.1 ಸೆಕೆಂಡ್. ಹೃದಯ ಅದೇ ವೇಗದಲ್ಲಿ ಬಡಿದರೂ ಕಾಗದ ಬೇಗ ಓಡಿದರೆ ಅಲೆಗಳು ಹಿಗ್ಗಿದಂತೆ ಕಾಣುತ್ತವೆ. ಅದು ಏನೇ ಇರಲಿ, ಎರಡೂ ಕಾಗದಗಳನ್ನು ಒಟ್ಟಿಗೆ ತೆಗೆದುಕೊಂಡು ಹೋಗಿ ತಂದೆಯವರನ್ನು ನೋಡಿದ ವೈದ್ಯರಿಗೆ ತೋರಿಸಿ. ಅವರಿಗೆ ತಲೆಸುತ್ತು, ಎದೆನೋವು, ಸುಸ್ತು ಇದ್ದರೆ ಬೆಳಗಾಗುವವರೆಗೂ ಕಾಯಬೇಡಿ.

ಕ್ಯಾತ್ಸಂದ್ರದ ತಂಗಿ, ನಿನ್ನ ಪ್ರಶ್ನೆಯ ವಿಷಯ ನನಗೆ ಗೊತ್ತಿಲ್ಲ. ಆದರೆ ಕಾಗದದ ಸಣ್ಣ ಅಕ್ಷರ ಓದುವುದು ನನ್ನ ದಿನದ ಕೆಲಸ. ‘ಎರಡು ಡೋಸ್’ ಎಂದು ನೀನು ಬರೆದಿದ್ದೀಯ. ನೀನೇ ಉದ್ಧರಿಸಿದ ಸೂಚಿಯಲ್ಲಿ ಡೋಸ್ ಎಲ್ಲಿದೆ? 20 ನಿಮಿಷ, 40 ನಿಮಿಷ ಎಂದಲ್ಲವೇ ಇರುವುದು?

ಕ್ಯಾತ್ಸಂದ್ರದ ಓದುಗಿ · ಭಾನುವಾರ, ರಾತ್ರಿ 10.52

ಅಕ್ಕ, ಈಗಷ್ಟೇ ಮತ್ತೆ ತೆಗೆದು ನೋಡಿದೆ. ನಿಮ್ಮ ಮಾತು ನಿಜ. ಎಕ್ಸ್‌ನ ಸಾಂದ್ರತೆ ಎರಡಕ್ಕೂ ಒಂದೇ ಎಂದು ಅದರ ಕೆಳಗೇ ಬರೆದಿದ್ದಾರೆ. 20, 40 ಎಂಬ ಅಂಕಿಗಳು ಕಂಡೊಡನೆ ಡೋಸ್ ಎಂದು ತಲೆಯಲ್ಲಿ ಕೂತುಬಿಟ್ಟಿತು. ಬಂಗಾರಪೇಟೆಯವರೂ ನನ್ನ ಮಾತು ನಂಬಿ ಹಾಗೆಯೇ ಬರೆದರು. ಆದರೆ ನಿಮಿಷ ಎಂದು ತಿಳಿದ ಮೇಲೂ ಉತ್ತರ ಹೊಳೆಯುತ್ತಿಲ್ಲ.

ಕೋಲಾರದ ಹಳೆಯ ಮೇಷ್ಟ್ರು · ಸೋಮವಾರ, ಬೆಳಿಗ್ಗೆ 6.20

ಮಧುಗಿರಿಯ ತಾಯಿ ಅರ್ಧ ಉತ್ತರ ಕೊಟ್ಟೇಬಿಟ್ಟಿದ್ದಾರೆ. ಉಳಿದರ್ಧವನ್ನು ನಾವು ಅಳತೆಪಟ್ಟಿ ಹಿಡಿದು ತೆಗೆಯೋಣ. ಹೊಗೆ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿನ ಮುಂದೆ ನಾನು ಮೂವತ್ತು ವರ್ಷ ನಿಂತವನು. ಕಣ್ಣಳತೆಯಲ್ಲಿ ‘ಸಮಾನಾಂತರ’ ಎಂದು ಬರೆದವರಲ್ಲಿ ಹೆಚ್ಚಿನವರು ಅಳೆದೇ ಇರುವುದಿಲ್ಲ.

ಅಮ್ಮಾ, ಮೂರು ಅಳತೆ ತೆಗೆದು ಹೇಳು. ಅಡ್ಡ ಅಕ್ಷದಲ್ಲಿ 10⁻⁷ರಿಂದ 10⁻⁶ಕ್ಕೆ ಎಷ್ಟು ಮಿ.ಮೀ. ಇದೆ? ಆಮೇಲೆ ಪ್ರತಿ ಗೆರೆಗೂ ಅದರದೇ ತುದಿಯ ಅರ್ಧ ಎತ್ತರದಲ್ಲಿ ಒಂದು ಚುಕ್ಕೆ ಇಡು. ಎ ಗೆರೆಗೆ 30, ಬಿ ಗೆರೆಗೆ 27.5, ಸಿ ಗೆರೆಗೆ 15. ಎಲ್ಲದಕ್ಕೂ 30ರಲ್ಲೇ ಅಡ್ಡಗೆರೆ ಎಳೆದರೆ ಸಿ ಗೆರೆಯ ನೆತ್ತಿಗೆ ತಾಗುತ್ತದೆಯೇ ಹೊರತು ಅದರ ಮಧ್ಯ ಸಿಗುವುದಿಲ್ಲ. ಈ ಚುಕ್ಕೆಗಳಿಂದ ನೇರ ಕೆಳಗಿಳಿದು, 10⁻⁷ ಗುರುತಿನಿಂದ ಎಷ್ಟು ಮಿ.ಮೀ. ದೂರ ಬಂತು ಎಂದು ಬರೆ.

ಕ್ಯಾತ್ಸಂದ್ರದ ಓದುಗಿ · ಸೋಮವಾರ, ಬೆಳಿಗ್ಗೆ 7.45

ಸರ್, ಅಳೆದೆ. ಒಂದು ಹತ್ತರ ಮನೆಗೆ 30 ಮಿ.ಮೀ. ಇದೆ. ಎ ಗೆರೆಯ ಚುಕ್ಕೆ ಸರಿಯಾಗಿ 10⁻⁷ರ ಮೇಲೆಯೇ ಬಿತ್ತು. ಬಿ ಗೆರೆಯದು ಅಲ್ಲಿಂದ 28.5 ಮಿ.ಮೀ., ಸಿ ಗೆರೆಯದು 51 ಮಿ.ಮೀ. ಪರೀಕ್ಷೆಯಲ್ಲಿ ಸಿ ಗೆರೆಗೆ ನಾನು 7 × 10⁻⁶ ಎಂದು ಬರೆದಿದ್ದೆ. 10⁻⁶ ದಾಟಿ 21 ಮಿ.ಮೀ. ಹೋಗಿದೆ, 30ರಲ್ಲಿ 21 ಎಂದರೆ ಹತ್ತರಲ್ಲಿ ಏಳು ಎಂದು ಲೆಕ್ಕ ಹಾಕಿದ್ದೆ.

ಕೋಲಾರದ ಹಳೆಯ ಮೇಷ್ಟ್ರು · ಸೋಮವಾರ, ಬೆಳಿಗ್ಗೆ 8.30

ಆ ಏಳು ಎಲ್ಲರೂ ಮಾಡುವ ತಪ್ಪು. 30ರಲ್ಲಿ 21 ಎಂದರೆ 0.7, ಅದು ಸರಿ. ಆದರೆ ಲಾಗ್ ಅಕ್ಷದಲ್ಲಿ ಆ 0.7 ಹತ್ತರ ಘಾತ. ಹತ್ತರ 0.7ನೆಯ ಘಾತ ಸುಮಾರು 5. ಆದ್ದರಿಂದ ಸಿ ಗೆರೆಯ ಅರ್ಧ ಬಿಂದು 5 × 10⁻⁶. ಲಾಗ್ ಅಕ್ಷದಲ್ಲಿ 1ಕ್ಕೂ 10ಕ್ಕೂ ನಟ್ಟನಡುವೆ ಇರುವುದು ಐದೂವರೆಯಲ್ಲ, 3.16. ಕ್ಯಾಲ್ಕುಲೇಟರ್ ಕೊಡದ ಪರೀಕ್ಷೆಯಲ್ಲಿ ಎರಡು ಸಂಖ್ಯೆ ನೆನಪಿದ್ದರೆ ಸಾಕು: 2ರ ಲಾಗ್ 0.3, 5ರ ಲಾಗ್ 0.7. ಬಿ ಗೆರೆಯ 28.5ನ್ನು 30ರಿಂದ ಭಾಗಿಸಿದರೆ 0.95, ಅಂದರೆ ಸುಮಾರು 9.

ಈಗ ಲೆಕ್ಕ ಹೀಗೆ ನಿಂತಿದೆ. ಅರ್ಧ ಪ್ರತಿಕ್ರಿಯೆ ಪಡೆಯಲು ಮೊದಲು ಬೇಕಾಗಿದ್ದ ಹಿಸ್ಟಮಿನ್‌ಗಿಂತ 20 ನಿಮಿಷದ ನಂತರ 9 ಪಟ್ಟು ಬೇಕಾಯಿತು, 40 ನಿಮಿಷದ ನಂತರ 50 ಪಟ್ಟು. ತುದಿ 60ರಿಂದ 55ಕ್ಕೆ, ಅಲ್ಲಿಂದ 30ಕ್ಕೆ ಇಳಿಯಿತು.

ಬಂಗಾರಪೇಟೆಯವರಿಗೆ ಒಂದು ಪ್ರಶ್ನೆ. ಎಕ್ಸ್ ಸಾಮಾನ್ಯ ಕಾಂಪಿಟಿಟಿವ್ ಔಷಧ ಆಗಿದ್ದು, 20 ನಿಮಿಷದಲ್ಲಿ ಟಿಶ್ಯೂವಿನಲ್ಲಿ ನೆಲೆ ನಿಂತಿದ್ದರೆ, ಅದೇ ಸಾಂದ್ರತೆಯಲ್ಲಿ ಇನ್ನೂ 20 ನಿಮಿಷ ಇಟ್ಟಾಗ ಸಿ ಗೆರೆ ಎಲ್ಲಿ ಬರಬೇಕಿತ್ತು?

ಬಂಗಾರಪೇಟೆ ಫಾರ್ಮಸಿ · ಸೋಮವಾರ, ಮಧ್ಯಾಹ್ನ 1.15

ಬಿ ಗೆರೆಯ ಮೇಲೆಯೇ ಬರಬೇಕಿತ್ತು ಸರ್. ಕಾಂಪಿಟಿಟಿವ್‌ನಲ್ಲಿ ಎಷ್ಟು ಸರಿಯುತ್ತದೆ ಎಂಬುದು ಎಕ್ಸ್‌ನ ಸಾಂದ್ರತೆಯ ಮೇಲೆ ನಿಲ್ಲುತ್ತದೆ, ಗಡಿಯಾರದ ಮೇಲಲ್ಲ. ಅದನ್ನು ಒಪ್ಪುತ್ತೇನೆ. ಆದರೆ ನನ್ನ ಮೊದಲ ಮಾತನ್ನು ಪೂರ್ತಿ ಬಿಡಲಾರೆ. ಎಕ್ಸ್ ರಿಸೆಪ್ಟರನ್ನು ಶಾಶ್ವತವಾಗಿ ಹಿಡಿದುಕೊಳ್ಳುವ ಔಷಧವಾದರೆ ಬಿ ಗೆರೆಯ ತುದಿಯೂ ಇಳಿಯಬೇಕಿತ್ತಲ್ಲವೇ? 60ರ ಬದಲು 55 ಎಂಬುದು ಗೆರೆ ಎಳೆಯುವ ಲಿವರ್ ಕಡ್ಡಿಯ ಅಳತೆಯ ಏರುಪೇರು. ಇಳಿಯದೆ ಬರೀ ಬಲಕ್ಕೆ ಒಂಬತ್ತು ಪಟ್ಟು ಸರಿದದ್ದು ಹೇಗೆ?

ಕೋಲಾರದ ಹಳೆಯ ಮೇಷ್ಟ್ರು · ಸೋಮವಾರ, ಸಂಜೆ 5.40

ಒಳ್ಳೆಯ ಪ್ರಶ್ನೆ. ಇಡೀ ಪ್ರಶ್ನೆಪತ್ರಿಕೆಯ ಗಂಟು ಇರುವುದೇ ಇಲ್ಲಿ. 5 ಮಿ.ಮೀ. ಒಂದನ್ನೇ ನಂಬಿ ಯಾರೂ ತೀರ್ಪು ಕೊಡಬಾರದು ಎಂಬುದೂ ಸರಿ.

ನಮ್ಮ ಕೋಲಾರದ ಟೊಮೆಟೊ ಮಾರುಕಟ್ಟೆಯನ್ನು ನೆನೆಸಿಕೊಳ್ಳಿ. ಒಂದು ದೊಡ್ಡ ಗೋದಾಮಿಗೆ 100 ಬಾಗಿಲು. ಹಮಾಲರು ಬಂದು ಸಿಕ್ಕಿದ ಬಾಗಿಲು ತಟ್ಟುತ್ತಾರೆ. ಒಂದು ಬಾಗಿಲು ತೆರೆದರೆ ಆ ದಿನದ ಅರ್ಧ ಮಾಲು ಹೊರಬೀಳುತ್ತದೆ, ಹತ್ತು ತೆರೆದರೆ ಬಹುಪಾಲು ಮಾಲು ಹೊರಬೀಳುತ್ತದೆ. ಉಳಿದ ತೊಂಬತ್ತೂ ತೆರೆದರೆ ಹೆಚ್ಚುವರಿ ಸಿಗುವುದು ಸ್ವಲ್ಪವೇ, ಏಕೆಂದರೆ ಲಾರಿಯೇ ತುಂಬಿಹೋಗಿರುತ್ತದೆ. ಬಾಗಿಲು ಎಂದರೆ ರಿಸೆಪ್ಟರ್, ಹಮಾಲ ಎಂದರೆ ಹಿಸ್ಟಮಿನ್, ಲಾರಿ ಎಂದರೆ ಸಂಕೋಚನ.

ಎಕ್ಸ್ ಬಂದು ಬಾಗಿಲುಗಳಿಗೆ ಮೊಳೆ ಹೊಡೆಯುತ್ತದೆ. 20 ನಿಮಿಷದಲ್ಲಿ ನೂರರಲ್ಲಿ ತೊಂಬತ್ತಕ್ಕೆ ಮೊಳೆ ಬಿತ್ತು, ಹತ್ತು ಉಳಿಯಿತು. ಆ ಹತ್ತೂ ತೆರೆದರೆ ಲಾರಿ ಇನ್ನೂ ಬಹುಪಾಲು ತುಂಬುತ್ತದೆ. ಆದರೆ ಮೊದಲು ನೂರು ಬಾಗಿಲಿರುವಾಗ ಒಂದನ್ನು ತೆರೆಯಲು ನಾಲ್ಕು ಜನ ಹಮಾಲರು ಸಾಕಾಗಿದ್ದರು. ಈಗ ಇರುವ ಹತ್ತರಲ್ಲೇ ಒಂದು ತೆರೆಯಬೇಕಾದರೆ ಹತ್ತಿರಹತ್ತಿರ ಹತ್ತು ಪಟ್ಟು ಜನ ಬೇಕು. ಹೀಗೆ ಗೆರೆ ಬಲಕ್ಕೆ ಸರಿಯಿತು, ತುದಿ ಹೆಚ್ಚು ಇಳಿಯಲಿಲ್ಲ. ಬಿ ಗೆರೆ ಅಷ್ಟೇ. ಮುಂದಿನ 20 ನಿಮಿಷದಲ್ಲಿ ಉಳಿದ ಹತ್ತರಲ್ಲೂ ಅದೇ ಪ್ರಮಾಣದಲ್ಲಿ, ಒಂಬತ್ತಕ್ಕೆ ಮೊಳೆ ಬಿತ್ತು. ಈಗ ಇರುವುದು ಒಂದೇ ಬಾಗಿಲು. ಊರಿನ ಹಮಾಲರೆಲ್ಲ ಬಂದರೂ ಅರ್ಧ ಲಾರಿಗಿಂತ ಹೆಚ್ಚು ತುಂಬದು. 60ರಲ್ಲಿ 30. ಸಿ ಗೆರೆ ಅದು.

ಕಾಂಪಿಟಿಟಿವ್ ಔಷಧ ಮೊಳೆ ಹೊಡೆಯುವುದಿಲ್ಲ, ಬಾಗಿಲ ಮುಂದೆ ನಿಂತು ಹೋಗುತ್ತಾ ಬರುತ್ತಾ ಇರುತ್ತದೆ. ಹಮಾಲರ ಸಂಖ್ಯೆ ಸಾಕಷ್ಟು ಹೆಚ್ಚಿದರೆ ನೂರು ಬಾಗಿಲೂ ಮತ್ತೆ ಸಿಗುತ್ತವೆ.

ಹೀಗೆ ಅಗತ್ಯಕ್ಕಿಂತ ಹೆಚ್ಚಿರುವ ರಿಸೆಪ್ಟರ್‌ಗಳನ್ನು ‘ಸ್ಪೇರ್ ರಿಸೆಪ್ಟರ್’ ಎನ್ನುತ್ತಾರೆ. 1956ರಲ್ಲಿ ನಿಕರ್ಸನ್ ಅವರು ಇದನ್ನು ತೋರಿಸಿದ್ದೂ ಗಿನಿಪಿಗ್ ಕರುಳಿನ ಮೇಲೆ, ಹಿಸ್ಟಮಿನ್ ಬಳಸಿಯೇ. ನಿಮ್ಮ ಅಧ್ಯಾಪಕರು ಈ ಪ್ರಶ್ನೆಯನ್ನು ಸುಮ್ಮನೆ ಕಟ್ಟಿದ್ದಲ್ಲ.

ಬಂಗಾರಪೇಟೆ ಫಾರ್ಮಸಿ · ಸೋಮವಾರ, ಸಂಜೆ 6.25

ಸರ್, ಬಾಗಿಲಿನ ಲೆಕ್ಕದಿಂದ ಬಿ ಗೆರೆ ಅರ್ಥವಾಯಿತು. ‘ಬಲಕ್ಕೆ ಹೋದರೆ ಕಾಂಪಿಟಿಟಿವ್’ ಎಂದು ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ, ಕಿರಿಯರಿಗೂ ಹಾಗೆಯೇ ಹೇಳಿಕೊಟ್ಟಿದ್ದೇನೆ. ಅವರಿಗೆ ತಿದ್ದಿ ಹೇಳಬೇಕು. ಆದರೂ ಬಿ ಗೆರೆಯೊಂದನ್ನೇ ಕೊಟ್ಟು ಕೇಳಿದ್ದರೆ?

ಕೋಲಾರದ ಹಳೆಯ ಮೇಷ್ಟ್ರು · ಸೋಮವಾರ, ಸಂಜೆ 6.50

ಒಂದೇ ಗೆರೆ ಕೊಟ್ಟರೆ ‘ಕಾಂಪಿಟಿಟಿವ್ ಆಗಿರಬಹುದು, ಇಷ್ಟರಿಂದಲೇ ಹೇಳಲಾಗದು’ ಎಂದು ಬರೆಯಬೇಕು. ಆ ವಾಕ್ಯಕ್ಕೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ.

ಶಿರಾದ ಪ್ರಯೋಗಾಲಯ · ಸೋಮವಾರ, ರಾತ್ರಿ 8.15

ನಾನು ಒಂದು ಫಾರ್ಮಸಿ ಕಾಲೇಜಿನಲ್ಲಿ ಪ್ರಯೋಗಾಲಯ ಸಹಾಯಕ. ಮಾತು ಕೇಳಿ ಸುಮ್ಮನಿರಲಾಗಲಿಲ್ಲ. ನಮ್ಮಲ್ಲಿ ಗಿನಿಪಿಗ್ ಇಲ್ಲ. ಬೆಳಿಗ್ಗೆ ಆರಕ್ಕೆ ಮಾಂಸದಂಗಡಿಗೆ ಹೋಗಿ, ಆಗತಾನೇ ಕೊಯ್ದ ಮೇಕೆಯ ಕರುಳನ್ನು ತಣ್ಣನೆಯ ಟೈರೋಡ್ ದ್ರಾವಣದಲ್ಲಿ ಮುಳುಗಿಸಿ ಫ್ಲಾಸ್ಕಿನಲ್ಲಿ ತರುತ್ತೇನೆ. ಹೋದ ತಿಂಗಳು ವಿದ್ಯಾರ್ಥಿಗಳು ಒಂದೇ ತುಂಡಿನ ಮೇಲೆ ಮೂರು ಸಲ ಡೋಸ್ ಸರಣಿ ಓಡಿಸಿದರು. ಯಾವ ಆಂಟಗೊನಿಸ್ಟೂ ಹಾಕಿರಲಿಲ್ಲ. ಆದರೂ ಮೂರನೆಯ ಸರಣಿಯ ತುದಿ ಮೊದಲಿನ ಅರ್ಧಕ್ಕೆ ಇಳಿಯಿತು. ಗಾಳಿಯ ನಳಿಕೆ ಅರ್ಧ ಕಟ್ಟಿಕೊಂಡಿತ್ತು, ಕರುಳು ಬಸವಳಿದಿತ್ತು.

ಆದ್ದರಿಂದ ಆ ಹುಡುಗಿ ಮೊದಲು ಬರೆದ ‘ಟಿಶ್ಯೂವಿಗೆ ಪೆಟ್ಟಾಗಿದೆ’ ಎಂಬುದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. 40 ನಿಮಿಷದ ಹೊತ್ತಿಗೆ ಕರುಳೇ ಸೋತಿದ್ದರೆ?

ಕೋಲಾರದ ಹಳೆಯ ಮೇಷ್ಟ್ರು · ಸೋಮವಾರ, ರಾತ್ರಿ 8.40

ಶಿರಾದವರು ಕೈಯಾರೆ ಕಂಡದ್ದನ್ನು ಹೇಳುತ್ತಿದ್ದಾರೆ, ಅದಕ್ಕೆ ಎದುರು ಮಾತಿಲ್ಲ. ಅಮ್ಮಾ, ಪ್ರಶ್ನೆಯಲ್ಲಿ ಗ್ರಾಫ್ ಬಿಟ್ಟು ಬೇರೇನಾದರೂ ಇದೆಯೇ? ಇಂಥ ಪ್ರಶ್ನೆ ಮಾಡುವವರು ಟಿಶ್ಯೂ ಬದುಕಿತ್ತು ಎಂಬುದಕ್ಕೆ ಎಲ್ಲಾದರೂ ಒಂದು ಗುರುತು ಬಿಟ್ಟಿರುತ್ತಾರೆ.

ಕ್ಯಾತ್ಸಂದ್ರದ ಓದುಗಿ · ಸೋಮವಾರ, ರಾತ್ರಿ 9.20

ಇದೆ ಸರ್. ಗ್ರಾಫಿನ ಕೆಳಗೆ ಮೂಲ ರೆಕಾರ್ಡಿಂಗಿನ ಎರಡು ತುಣುಕು ಅಂಟಿಸಿದ್ದಾರೆ. ಪರೀಕ್ಷೆಯಲ್ಲಿ ಅವನ್ನು ಅಲಂಕಾರಕ್ಕೆ ಹಾಕಿದ್ದಾರೆ ಎಂದುಕೊಂಡು ಬಿಟ್ಟೆ. ಮೊದಲ ತುಣುಕು ಎ ಸರಣಿಗಿಂತ ಮೊದಲಿನದು, ಎರಡನೆಯದು ಸಿ ಸರಣಿಯ ಕೊನೆಯದು. ಎರಡರಲ್ಲೂ ಒಂದೊಂದು ಎತ್ತರದ ಶಿಖರ, ಅದರ ಬುಡದಲ್ಲಿ ಬಾಣದ ಗುರುತು, ಬಾಣದ ಕೆಳಗೆ KCl ಎಂದಿದೆ. ಕಾಗದದ ಕೆಳ ಅಂಚಿನಿಂದ ಅಳೆದರೆ ಮೊದಲನೆಯದು 66, ಎರಡನೆಯದು 71 ಬರುತ್ತಿದೆ. ಎರಡನೆಯದೇ ಹೆಚ್ಚಾಗಿದೆ! ಕರುಳು ಇನ್ನೂ ಗಟ್ಟಿಯಾಯಿತೇ?

ಶಿರಾದ ಪ್ರಯೋಗಾಲಯ · ಸೋಮವಾರ, ರಾತ್ರಿ 9.35

ತಂಗಿ, ಕಾಗದದ ಅಂಚಿನಿಂದ ಎಂದೂ ಅಳೆಯಬಾರದು. ಶಿಖರ ಏಳುವ ಮುಂಚೆ ಲಿವರ್ ಎಳೆದಿರುವ ಸಮತಟ್ಟು ಗೆರೆ ಇದೆಯಲ್ಲ, ಆ ಬೇಸ್‌ಲೈನಿನಿಂದ ಅಳೆ. ಒಂದು ಡೋಸ್ ಹಾಕಿ ಸರಿಯಾಗಿ ತೊಳೆಯದಿದ್ದರೆ ಕರುಳು ಪೂರ್ತಿ ಸಡಿಲವಾಗುವುದಿಲ್ಲ, ಬೇಸ್‌ಲೈನ್ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಆಗ ಮುಂದಿನ ಶಿಖರಗಳೆಲ್ಲ ಸುಳ್ಳು ಎತ್ತರದಲ್ಲಿ ನಿಲ್ಲುತ್ತವೆ.

ಕ್ಯಾತ್ಸಂದ್ರದ ಓದುಗಿ · ಸೋಮವಾರ, ರಾತ್ರಿ 9.50

ಅಳೆದೆ ಅಣ್ಣ. ಮೊದಲ ತುಣುಕಿನಲ್ಲಿ ಬೇಸ್‌ಲೈನ್ ಅಂಚಿನಿಂದ 8 ಮಿ.ಮೀ. ಮೇಲಿದೆ, ಎರಡನೆಯದರಲ್ಲಿ 14. ಕಳೆದರೆ ಮೊದಲ ಶಿಖರ 58, ಎರಡನೆಯದು 57. ಎರಡೂ ಒಂದೇ.

ಕೋಲಾರದ ಹಳೆಯ ಮೇಷ್ಟ್ರು · ಸೋಮವಾರ, ರಾತ್ರಿ 10.05

ಈಗ ಕಣ್ಣು ಬಿಟ್ಟು ನೋಡು. ಪೊಟ್ಯಾಸಿಯಂ ಕ್ಲೋರೈಡ್ ಹಿಸ್ಟಮಿನ್ ರಿಸೆಪ್ಟರಿನ ಬಾಗಿಲು ತಟ್ಟುವುದಿಲ್ಲ. ಅದು ಸ್ನಾಯುಕೋಶದ ಪೊರೆಯ ವಿದ್ಯುತ್ ಸ್ಥಿತಿಯನ್ನೇ ಬದಲಿಸಿ, ಕ್ಯಾಲ್ಸಿಯಂ ಒಳಬರುವಂತೆ ಮಾಡಿ ಸಂಕೋಚನ ಎಬ್ಬಿಸುತ್ತದೆ. ಸಿ ಸರಣಿಯ ಕೊನೆಯಲ್ಲಿ ಹಿಸ್ಟಮಿನ್ ಎಷ್ಟು ಸುರಿದರೂ 30 ಮಿ.ಮೀ. ದಾಟದ ಕರುಳು, ಅದೇ ಹೊತ್ತಿನಲ್ಲಿ ಪೊಟ್ಯಾಸಿಯಂಗೆ 57 ಮಿ.ಮೀ. ಎದ್ದಿತು. ಸ್ನಾಯು ಸೋತಿಲ್ಲ, ಲಿವರ್ ಕೆಟ್ಟಿಲ್ಲ. ಕೊರತೆ ಇರುವುದು ಹಿಸ್ಟಮಿನ್‌ನ ದಾರಿಯಲ್ಲಿ ಮಾತ್ರ. ಶಿರಾದವರ ಸಂಶಯಕ್ಕೆ ಪ್ರಶ್ನೆಪತ್ರಿಕೆಯಲ್ಲೇ ಉತ್ತರ ಇತ್ತು.

ಗೌರಿಬಿದನೂರು, ಈಗ ಬೆಂಗಳೂರು · ಸೋಮವಾರ, ರಾತ್ರಿ 11.30

ತಡವಾಗಿ ಬಂದೆ. ರಿಸೆಪ್ಟರ್‌ಗಳ ಮೇಲೆಯೇ ನನ್ನ ಸಂಶೋಧನೆ. ಮೇಷ್ಟರ ವಿವರಣೆ ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ‘ಇರ್ರಿವರ್ಸಿಬಲ್ ಎಂದು ಸಾಬೀತಾಯಿತು’ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಸಾಧ್ಯತೆ ಇದೆ. ಕೆಲವು ಕಾಂಪಿಟಿಟಿವ್ ಔಷಧಗಳು ರಿಸೆಪ್ಟರಿನಿಂದ ಬಹಳ ನಿಧಾನವಾಗಿ ಬಿಟ್ಟು ಹೋಗುತ್ತವೆ. ಕರುಳಿನ ಪ್ರಯೋಗದಲ್ಲಿ ಹಿಸ್ಟಮಿನ್ ಹಾಕಿ ಕಾಯುವುದು ಅರ್ಧ ನಿಮಿಷದ ಮಟ್ಟಿಗೆ. ಆ ಅರ್ಧ ನಿಮಿಷದಲ್ಲಿ ಎಕ್ಸ್ ಬಾಗಿಲು ಬಿಡಲು ಸಮಯವೇ ಸಿಗದಿದ್ದರೆ, ಹಮಾಲರು ಎಷ್ಟೇ ಜನ ಬಂದರೂ ಆ ಹೊತ್ತಿಗೆ ಬಾಗಿಲು ಮುಚ್ಚಿದಂತೆಯೇ. ತುದಿ ಇಳಿಯುತ್ತದೆ. ಅಂಥ ಔಷಧ ನಿಧಾನವಾಗಿ ಕೂರುವುದೂ ಸಹಜ, ಹಾಗಾಗಿ 20 ನಿಮಿಷದಲ್ಲಿ ನೆಲೆ ನಿಂತಿರದೆ 40ರಲ್ಲಿ ಹೆಚ್ಚು ಸರಿಯಬಹುದು. ಈ ಮೂರು ಗೆರೆಗಳನ್ನು ಅದೂ ಎಳೆಯಬಲ್ಲದು.

ಎರಡನ್ನೂ ಬೇರ್ಪಡಿಸಲು ಒಂದೇ ದಾರಿ: ಎಕ್ಸ್ ತೆಗೆದು, ಪದೇ ಪದೇ ತೊಳೆದು, ಗಂಟೆಗಟ್ಟಲೆ ಕಾದು, ಹಿಸ್ಟಮಿನ್ ಸರಣಿಯನ್ನು ಮತ್ತೆ ಓಡಿಸುವುದು. ಗೆರೆ ಎ ಕಡೆಗೆ ಮರಳಿದರೆ ನಿಧಾನಿ, ಮರಳದಿದ್ದರೆ ಮೊಳೆ. ಪ್ರಶ್ನೆಯಲ್ಲಿ ಆ ಗೆರೆ ಇದೆಯೇ?

ಕ್ಯಾತ್ಸಂದ್ರದ ಓದುಗಿ · ಮಂಗಳವಾರ, ಬೆಳಿಗ್ಗೆ 6.55

ಇಲ್ಲ ಸರ್. ಹಿಂದೆ ಮುಂದೆ ಎಲ್ಲ ಹುಡುಕಿದೆ, ತೊಳೆದ ನಂತರದ ಗೆರೆ ಇಲ್ಲ.

ಕೋಲಾರದ ಹಳೆಯ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 7.30

ಗೌರಿಬಿದನೂರಿನವರ ಮಾತು ವಿಜ್ಞಾನವಾಗಿ ಸರಿ. ಆದರೆ ಪರೀಕ್ಷೆಯಲ್ಲಿ ಕೂತ ಹುಡುಗಿ 8 ಅಂಕಕ್ಕೆ ಎಲ್ಲ ಸಾಧ್ಯತೆಗಳನ್ನೂ ಸಮನಾಗಿ ಇಟ್ಟು ಹೋದರೆ, ಓದುವವರಿಗೆ ಇವಳಿಗೆ ಏನೂ ತೀರ್ಮಾನ ಇಲ್ಲ ಎನ್ನಿಸುತ್ತದೆ. ಕೊಟ್ಟ ಮಾಹಿತಿಗೆ ಅತಿ ಸರಳವಾಗಿ ಹೊಂದುವುದು ಇರ್ರಿವರ್ಸಿಬಲ್ ಮತ್ತು ಸ್ಪೇರ್ ರಿಸೆಪ್ಟರ್. ಅದನ್ನು ನೇರವಾಗಿ ಬರೆದು, ತೊಳೆಯುವ ಮಾತನ್ನು ಕೊನೆಯ ಒಂದು ಸಾಲಿಗೆ ಇಡಬೇಕು.

ಗೌರಿಬಿದನೂರು, ಈಗ ಬೆಂಗಳೂರು · ಮಂಗಳವಾರ, ಬೆಳಿಗ್ಗೆ 8.10

ಕ್ಷಮಿಸಿ ಸರ್, ಇದರಲ್ಲಿ ನಾನು ನಿಮ್ಮ ಜೊತೆ ಇಲ್ಲ. ನಾನಾಗಿದ್ದರೆ ಮೊದಲ ಸಾಲಿನಲ್ಲೇ ‘ಬಹುಶಃ’ ಎಂದು ಬರೆಯುತ್ತಿದ್ದೆ. ಗ್ರಾಫ್ ಹೇಳದ್ದನ್ನು ಗ್ರಾಫಿನ ಬಾಯಿಂದ ಹೇಳಿಸಬಾರದು.

ಮಧುಗಿರಿ ಇಸಿಜಿ · ಮಂಗಳವಾರ, ಮಧ್ಯಾಹ್ನ 2.05

ನನಗೊಂದು ಸಂದೇಹ. ಇಂಥ ಮೊಳೆ ಹೊಡೆಯುವ ಔಷಧವನ್ನು ಮನುಷ್ಯರಿಗೂ ಕೊಡುತ್ತಾರೆಯೇ, ಅಥವಾ ಕರುಳಿನ ತುಂಡಿಗೆ ಮಾತ್ರವೇ?

ಕೋಲಾರದ ಹಳೆಯ ಮೇಷ್ಟ್ರು · ಮಂಗಳವಾರ, ಸಂಜೆ 5.15

ಕೊಡುತ್ತಾರೆ ತಾಯಿ. ಫಿನಾಕ್ಸಿಬೆಂಜಮಿನ್ ಅಂಥದ್ದು. ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಫಿಯೋಕ್ರೊಮೊಸೈಟೋಮಾ ಎಂಬ ಗೆಡ್ಡೆಯಾದಾಗ ಅದು ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್ ಹೊಳೆ ಹರಿಸುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆಗೆ ಕೈ ತಾಗಿದೊಡನೆ ಆ ಹೊಳೆ ಇನ್ನೂ ಉಕ್ಕಬಹುದು. ಕಾಂಪಿಟಿಟಿವ್ ಔಷಧವಾದರೆ ಆ ಪ್ರವಾಹ ಅದನ್ನು ಬಾಗಿಲಿನಿಂದ ತಳ್ಳಿಬಿಡುವ ಸಾಧ್ಯತೆ ಇದೆ. ಮೊಳೆ ಹೊಡೆದಿದ್ದರೆ ತಳ್ಳಲಾಗದು. ಔಷಧ ನಿಲ್ಲಿಸಿದ ಮೇಲೂ ಅದರ ಪರಿಣಾಮ ದಿನಗಟ್ಟಲೆ ಉಳಿಯುತ್ತದೆ, ಏಕೆಂದರೆ ದೇಹ ಹೊಸ ರಿಸೆಪ್ಟರ್‌ಗಳನ್ನು ಕಟ್ಟಿಕೊಳ್ಳಬೇಕು. ಅದೇ ಕಾರಣಕ್ಕೆ ರಕ್ತದೊತ್ತಡ ತೀರಾ ಇಳಿದರೆ ಸರಿಪಡಿಸುವುದೂ ಕಷ್ಟ.

ಚಿಂತಾಮಣಿಯ ಮಗ · ಮಂಗಳವಾರ, ರಾತ್ರಿ 8.00

ಮಧುಗಿರಿಯ ಅಕ್ಕನಿಗೆ ಕೃತಜ್ಞತೆ. ಎರಡನೆಯ ಕಾಗದದಲ್ಲಿ 50 ಎಂದೇ ಇತ್ತು. ಇಂದು ಬೆಳಿಗ್ಗೆ ಎರಡನ್ನೂ ವೈದ್ಯರಿಗೆ ತೋರಿಸಿದೆವು, ನಾಡಿ ನೋಡಿ ವೇಗದಲ್ಲಿ ವ್ಯತ್ಯಾಸ ಇಲ್ಲ ಎಂದರು. ಬೇರೆ ಒಂದು ವಿಷಯಕ್ಕೆ ಮತ್ತೆ ಬರಲು ಹೇಳಿದ್ದಾರೆ. ತಂದೆ ರಾತ್ರಿ ಮುದ್ದೆ ಉಂಡು ಮಲಗಿದ್ದಾರೆ.

ಕ್ಯಾತ್ಸಂದ್ರದ ಓದುಗಿ · ಮಂಗಳವಾರ, ರಾತ್ರಿ 9.30

ಉತ್ತರವನ್ನು ಮತ್ತೆ ಬರೆದಿದ್ದೇನೆ, ನಾಳೆ ಅಧ್ಯಾಪಕರಿಗೆ ತೋರಿಸುತ್ತೇನೆ. ಎಲ್ಲರೂ ನೋಡಿ ತಿದ್ದಿ.

‘ಎಕ್ಸ್‌ನ ಸಾಂದ್ರತೆ ಒಂದೇ ಇದ್ದು, ಸಮಯ ಮಾತ್ರ 20ರಿಂದ 40 ನಿಮಿಷಕ್ಕೆ ಹೆಚ್ಚಿದೆ. ಅರ್ಧ ಪ್ರತಿಕ್ರಿಯೆಯ ಸಾಂದ್ರತೆ 10⁻⁷ರಿಂದ 9 × 10⁻⁷ಕ್ಕೆ, ನಂತರ 5 × 10⁻⁶ಕ್ಕೆ ಏರಿದೆ. ತುದಿ 60ರಿಂದ 55ಕ್ಕೆ, ನಂತರ 30ಕ್ಕೆ ಇಳಿದಿದೆ. ನೆಲೆ ನಿಂತ ಕಾಂಪಿಟಿಟಿವ್ ಆಂಟಗೊನಿಸ್ಟ್ ಆಗಿದ್ದರೆ ಬಿ, ಸಿ ಗೆರೆಗಳು ಒಂದರ ಮೇಲೊಂದು ಕೂರಬೇಕಿತ್ತು, ತುದಿ ಉಳಿಯಬೇಕಿತ್ತು. ಪೊಟ್ಯಾಸಿಯಂ ಕ್ಲೋರೈಡ್‌ಗೆ ಪ್ರತಿಕ್ರಿಯೆ ಮೊದಲು 58, ಕೊನೆಗೆ 57 ಮಿ.ಮೀ. ಇರುವುದರಿಂದ ಸ್ನಾಯು ದಣಿದಿಲ್ಲ. ಆದ್ದರಿಂದ ಎಕ್ಸ್ ರಿಸೆಪ್ಟರ್‌ಗಳನ್ನು ಇರ್ರಿವರ್ಸಿಬಲ್ ಆಗಿ ಮುಚ್ಚುತ್ತಿದೆ. ಸ್ಪೇರ್ ರಿಸೆಪ್ಟರ್‌ಗಳು ಇರುವವರೆಗೆ ಗೆರೆ ಬಲಕ್ಕೆ ಮಾತ್ರ ಸರಿಯಿತು, ಅವು ಮುಗಿದ ಮೇಲೆ ತುದಿ ಇಳಿಯಿತು. ತೊಳೆದ ನಂತರದ ಗೆರೆ ಕೊಟ್ಟಿಲ್ಲದ ಕಾರಣ ಬಹಳ ನಿಧಾನವಾಗಿ ಬಿಡುವ ಕಾಂಪಿಟಿಟಿವ್ ಔಷಧದ ಸಾಧ್ಯತೆಯನ್ನು ತಳ್ಳಿಹಾಕಲಾಗದು.’

‘ಬಹುಶಃ’ ಎಂಬ ಪದವನ್ನು ಮೊದಲು ಇಡಬೇಕೋ ಕೊನೆಯಲ್ಲೋ ನನಗೂ ಇನ್ನೂ ಗೊತ್ತಾಗಿಲ್ಲ. ಅಧ್ಯಾಪಕರನ್ನೇ ಕೇಳುತ್ತೇನೆ.

ಬಂಗಾರಪೇಟೆ ಫಾರ್ಮಸಿ · ಮಂಗಳವಾರ, ರಾತ್ರಿ 9.45

‘ಅವು ಮುಗಿದ ಮೇಲೆ’ ಎಂಬಲ್ಲಿ ಸ್ವಲ್ಪ ತಿದ್ದಿ. ಬಿ ಗೆರೆಯಲ್ಲೇ 5 ಮಿ.ಮೀ. ಇಳಿದಿದೆಯಲ್ಲ, ಅಲ್ಲಿಂದಲೇ ಮುಗಿಯತೊಡಗಿವೆ. ‘ಕಡಿಮೆಯಾಗುತ್ತ ಬಂದಂತೆ’ ಎಂದು ಬರೆಯಿರಿ.

ಶಿರಾದ ಪ್ರಯೋಗಾಲಯ · ಮಂಗಳವಾರ, ರಾತ್ರಿ 10.10

ಶನಿವಾರ ನಮ್ಮಲ್ಲಿ ಮೇಕೆ ಕರುಳಿನ ಪ್ರಯೋಗ ಇದೆ. ಮುಖ್ಯಸ್ಥರ ಅನುಮತಿ ಕೇಳಿದ್ದೇನೆ, ಹೊರಗಿನವರು ಇಬ್ಬರು ಬಂದು ನೋಡಬಹುದು ಎಂದಿದ್ದಾರೆ. ತಂಗಿ, ತುಮಕೂರಿನಿಂದ ಏಳು ಗಂಟೆಯ ಬಸ್ ಹಿಡಿದರೆ ಮೊದಲ ಡೋಸ್ ಹಾಕುವ ಹೊತ್ತಿಗೆ ಬಂದಿರುತ್ತೀಯ. ಅಳತೆಪಟ್ಟಿ ಮರೆಯದೆ ತಾ. ಈ ಸಲ ಗಾಳಿಯ ನಳಿಕೆ ಹೊಸದು ಹಾಕಿದ್ದೇನೆ.